ಆ ಸ್ಟೇಟಸ್ ನನಗೇನಾ?

ಯಾರಿಗೋ ಅಂದ ಮಾತನ್ನು ಎತ್ತಿ ನನ್ನ ತಲೆ ಮೇಲೆ ಇಟ್ಟುಕೊಳ್ಳುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಬಸ್ಸಿನಲ್ಲಿ ಕಂಡಕ್ಟರ್ "ಯಾರ್ರೀ ಇನ್ನೂ ಟಿಕೆಟ್ ತಗೊಂಡಿಲ್ಲ?" ಎಂದರೆ ಕೈಯಲ್ಲಿ ಟಿಕೆಟ್ ಹಿಡಿದುಕೊಂಡೇ ಬೆವರುತ್ತೇನೆ. ಅರ್ಧ ದೇಶ ಸುತ್ತಿದ್ದೇನೆ. ಕಾಯಿಲೆ ಮಾತ್ರ ಎಲ್ಲಿಯೂ ಇಳಿಯದೆ ಜೊತೆಗೇ ಬಂದಿದೆ. ತೊಂಬತ್ತೊಂಬತ್ತರಲ್ಲಿ ಅದಕ್ಕೆ ಇಂಟರ್ನೆಟ್ಟೂ ಸೇರಿತು.

೧. ಅಂಗಡಿ ಬೋರ್ಡು

ನಾನಾಗ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು ರೂಮು ಹಿಡಿದಿದ್ದೆ. ರೂಮು ಎನ್ನುವುದಕ್ಕಿಂತ ಎರಡು ಪ್ರಯಾಣಗಳ ನಡುವೆ ಸೂಟ್‌ಕೇಸ್ ಇಡುವ ಜಾಗ. ಊಟ, ಹಬ್ಬ, ಜ್ವರ ಎಲ್ಲಕ್ಕೂ ಹರಿಹರದ ಗೆಳತಿಯ ಮನೆ. ಹೈಸ್ಕೂಲಿನಿಂದ ಒಟ್ಟಿಗೆ ಇದ್ದವಳು. ಈ ಭೂಮಿಯ ಮೇಲೆ ಬಾಗಿಲು ಬಡಿಯದೆ ನಾನು ಒಳಗೆ ಹೋಗಬಹುದಾದ ಮನೆ ಅದೊಂದೇ.

ಗೆಳತಿ ಮತ್ತು ಅವಳ ಗಂಡ ಹರಿಹರದಲ್ಲಿ ಒಂದು ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. ನಾನು ಹೋಗಿ ಕೂರುತ್ತಿದ್ದುದು ದಾವಣಗೆರೆಯ ಒಂದು ಸೈಬರ್ ಕೆಫೆಯಲ್ಲಿ. ಮೊದಲು ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಮಾಲೀಕರು ಯಂತ್ರಗಳನ್ನು ಬದಲಾಯಿಸಿದ್ದರು, ಬೆಂಚುಗಳನ್ನಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಗೆಳತಿಯ ಜೊತೆ ನಾನು ಗಂಟೆಗೆ ಇಷ್ಟು ಎಂದು ಕೊಟ್ಟು ಮೆಸೆಂಜರಿನಲ್ಲಿ ಹರಟುತ್ತಿದ್ದೆ. ಆಧುನಿಕತೆ ಎಂದರೆ ಅದೇ ಎಂದುಕೊಂಡಿದ್ದೆ.

ಮೆಸೆಂಜರಿನಲ್ಲಿ ನಮ್ಮ ಪರಿಚಯದವರ ಹೆಸರುಗಳ ಒಂದು ಪಟ್ಟಿ ಇರುತ್ತಿತ್ತು. ಯಾರು ಆನ್‌ಲೈನ್ ಇದ್ದಾರೋ ಅವರ ಹೆಸರು ದಪ್ಪಗಾಗುತ್ತಿತ್ತು. ಹೆಸರಿನ ಪಕ್ಕದಲ್ಲಿ ಅವರವರೇ ಬರೆದುಕೊಂಡ ಒಂದು ಸಾಲು, ಅದೇ ಸ್ಟೇಟಸ್. ಗೆಳತಿಯದ್ದು ಸಾಮಾನ್ಯವಾಗಿ "ಊಟಕ್ಕೆ ಹೋಗಿದೀನಿ" ಎಂದಿರುತ್ತಿತ್ತು. ಆ ಸೋಮವಾರ ಮಧ್ಯಾಹ್ನ ನೋಡಿದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಸಾಲು:

"ತಗೊಂಡು ಹೋದವರಿಗೆ ವಾಪಸ್ ಕೊಡಬೇಕು ಅನ್ನೋ ಜ್ಞಾನ ಇರಬೇಕು. ಬಾಯಿ ಬಿಟ್ಟು ಕೇಳಬೇಕಾ?"

ಇದು ನನಗೇ ಎಂದುಕೊಂಡೆ. ಏಕೆಂದರೆ ನಾನು ತಗೊಂಡು ಹೋಗಿದ್ದೆ.

೨. ಡಬ್ಬಿಯ ಕಥೆ

ಎಂಟು ತಿಂಗಳ ಹಿಂದೆ ಮನಾಲಿಗೆ ಹೊರಟಿದ್ದೆ. ಹಿಂದಿನ ದಿನ ಗೆಳತಿಯ ಮನೆಯಲ್ಲೇ ಉಳಿದಿದ್ದೆ. ಬೆಳಗಿನ ರೈಲು, ಮನೆಯವರಿಗೆ ನಿದ್ದೆ. ಎಬ್ಬಿಸುವುದು ಯಾಕೆ ಎಂದು ನಾನೇ ಅಡುಗೆಮನೆಗೆ ಹೋಗಿ, ಕೈಗೆ ಸಿಕ್ಕ ಸ್ಟೀಲ್ ಡಬ್ಬಿಗೆ ಶೇಂಗಾ ಚಟ್ನಿಪುಡಿ ಒತ್ತಿ ತುಂಬಿಕೊಂಡು ಹೊರಟೆ. ರೈಲಿನಲ್ಲಿ ನೋಡಿದರೆ ಡಬ್ಬಿಯ ಮೇಲೆ ಗೆಳತಿಯ ಅತ್ತೆಯ ಹೆಸರು ಕೊರೆಸಿದೆ, ಪಕ್ಕದಲ್ಲಿ ಅವರ ಮದುವೆಯ ತಾರೀಖು. ವಾಪಸ್ ತಂದುಕೊಟ್ಟರಾಯಿತು ಎಂದುಕೊಂಡೆ. ಮನಾಲಿಯ ಲಾಡ್ಜಿನಲ್ಲಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದವಳು ಅಲ್ಲೇ ಬಿಟ್ಟು ಬಂದೆ.

ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಎರಡು ಸಲ ಅವರ ಮನೆಗೆ ಹೋಗಿದ್ದೆ. ಎರಡು ಸಲವೂ ಅತ್ತೆ ಮೊದಲಿನ ಹಾಗೆ ಮಾತಾಡಿರಲಿಲ್ಲ. ವಯಸ್ಸಾಯಿತು, ಮಂಡಿನೋವು ಇರಬೇಕು ಎಂದುಕೊಂಡಿದ್ದೆ.

ಈಗ ಸ್ಟೇಟಸ್ ನೋಡಿ ಲೆಕ್ಕ ಕೂಡಿತು. ಗೆಳತಿಯ ಪಟ್ಟಿಯಲ್ಲಿ ಇದ್ದವರು ಇಬ್ಬರೇ: ಪುಣೆಯಲ್ಲಿರುವ ಅವಳ ತಮ್ಮ, ಮತ್ತು ನಾನು. ತಮ್ಮ ಎಂಥ ಸಭ್ಯ ಹುಡುಗ ಎಂದರೆ, ಅವನು ತಗೊಂಡು ಹೋಗಿ ಕೊಡದೆ ಇರುವುದು ಸಾಧ್ಯವೇ ಇಲ್ಲ. ಇಬ್ಬರಲ್ಲಿ ಕಳ್ಳರು ಯಾರು ಎಂದು ಕಂಡುಹಿಡಿಯಲು ಪೊಲೀಸರು ಬೇಕಾಗಿರಲಿಲ್ಲ.

೩. ತಿರುಗೇಟು

ನೇರವಾಗಿ ಕೇಳಿದ್ದರೆ ಆಗುತ್ತಿತ್ತು. ಆದರೆ ತಪ್ಪು ಮಾಡಿದವರಿಗೆ ಮೊದಲು ಬರುವುದು ಸಿಟ್ಟು. 'ಡಬ್ಬಿ ಕೊಡು' ಎಂದು ಮುಖಕ್ಕೆ ಹೇಳುವುದು ಬಿಟ್ಟು ಬೋರ್ಡು ಬರೆಸಿ ತೂಗುಹಾಕುವುದಾ? ನನಗೂ ಬರೆಯಲು ಬರುತ್ತದೆ. ನನ್ನ ಸ್ಟೇಟಸ್ ಹಾಕಿದೆ: "ಮನಸ್ಸಿನಲ್ಲಿ ಇದ್ದಿದ್ದನ್ನ ನೇರವಾಗಿ ಹೇಳೋ ಧೈರ್ಯ ಕೆಲವರಿಗೆ ಇರಲ್ಲ. ಒಂದು ವಸ್ತುವಿಗಿಂತ ಸ್ನೇಹ ದೊಡ್ಡದು."

ಒಂದು ಸಣ್ಣ ವಿಷಯ ಮರೆತಿದ್ದೆ. ಗೆಳತಿಯ ಪಟ್ಟಿಯಲ್ಲಿ ಇಬ್ಬರು. ನನ್ನ ಪಟ್ಟಿಯಲ್ಲಿ, ತಿರುಗಿದ ಊರಿನಲ್ಲೆಲ್ಲ ಸಿಕ್ಕವರು, ಇಪ್ಪತ್ತಾರು. ಸ್ಟೇಟಸ್ ಒಬ್ಬರಿಗೆ ಮಾತ್ರ ತೋರಿಸಲು ಬರುವುದಿಲ್ಲ. ಎಲ್ಲರ ಪರದೆಯ ಮೇಲೂ ಅದೇ ಸಾಲು.

ಹತ್ತು ನಿಮಿಷದಲ್ಲಿ ಪರದೆಯ ಮೇಲೆ ಸಂದೇಶದ ಕಿಟಕಿಗಳು ಏಳತೊಡಗಿದವು. ಹಳೆಯ ರೂಮ್‌ಮೇಟ್ ಒಬ್ಬಳು: "ನಿನ್ನ ಟಾರ್ಚ್ ನನ್ನ ಹತ್ರ ಇರೋದು ಗೊತ್ತಾಯ್ತಾ? ಸಾರಿ." ಕೊಚ್ಚಿಯ ಸಹೋದ್ಯೋಗಿ: "ಇಷ್ಟು ವರ್ಷ ಆದಮೇಲೆ ಒಂದು ಛತ್ರಿಗೆ ಇಷ್ಟು ಸಿಟ್ಟಾ?" ಶಿಮ್ಲಾದಲ್ಲಿ ಪರಿಚಯವಾಗಿದ್ದ ಹೆಂಗಸೊಬ್ಬಳು ನನ್ನ ಸ್ವೆಟರ್ ಪಾರ್ಸೆಲ್ ಮಾಡುವುದಾಗಿ ವಿಳಾಸ ಕೇಳಿದಳು. ಆ ಸ್ವೆಟರ್ ಕಳೆದಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಗೆಳತಿಯಿಂದ ಮಾತ್ರ ಏನೂ ಇಲ್ಲ. ಅವಳು ನೋಡಿಯೇ ಇರಲಿಲ್ಲ. ಊಟಕ್ಕೆ ಹೋಗಿದ್ದಳು.

೪. ಎಂಟರ್ ಎಂಬ ಗುಂಡಿ

ಕೆಫೆಯ ಮಾಲೀಕರು ನನ್ನ ಮುಖ ನೋಡಿ ಪಕ್ಕದ ಬೆಂಚಿನಲ್ಲಿ ಕೂತರು. ವಿಷಯ ಹೇಳಿದೆ. ಡಬ್ಬಿ ಬಿಟ್ಟು ಉಳಿದದ್ದನ್ನು.

"ಮೇಡಂ, ಸ್ಟೇಟಸ್ ಅಂದ್ರೆ ಅಂಗಡಿ ಬೋರ್ಡು ಇದ್ದಂಗ್ರಿ. ರಸ್ತೇಲಿ ಹೋಗೋರೆಲ್ಲ ಓದ್ತಾರೆ. ನಿಮ್ಮ ಹೆಸರಿಗೆ ಬಂದ ಕಾಗದ ಏನಲ್ಲ. ಕೇಳ್ರಿ ಒಂದು ಮಾತು, ನನಗೇನಾ ಅಂತ."

"ಫೋನ್ ಮಾಡ್ಲಾ?"

"ಅವರು ಇಂಟರ್ನೆಟ್ಟಿನಾಗೆ ಅದಾರಂದ್ರೆ ಅವರ ಸೆಂಟರಿನ ಫೋನ್ ಎಂಗೇಜ್ ಬರ್ತೈತ್ರಿ. ಒಂದೇ ಲೈನು. ಮನೆಗೆ ಮಾಡಿದ್ರೆ?"

ಮನೆಯ ಫೋನ್ ಅತ್ತೆಯ ಮಂಚದ ಪಕ್ಕದಲ್ಲಿತ್ತು. ಟೈಪ್ ಮಾಡುವುದೇ ಕ್ಷೇಮ.

ಗೌರವವಾಗಿ ಶುರು ಮಾಡೋಣ ಎಂದು ಬರೆದೆ: "ನಿನ್ನ ಹತ್ರ ಒಂದು ವಿಷಯ ಕೇಳಬೇಕು." ಮುಂದಿನದ್ದನ್ನು ಹೊಸ ಪ್ಯಾರಾದಲ್ಲಿ ಬರೆಯೋಣ ಎಂದು ಎಂಟರ್ ಒತ್ತಿದೆ. ಟೈಪ್‌ರೈಟರಿನಲ್ಲಿ ಲಿವರ್ ತಳ್ಳಿದರೆ ಸಾಲು ಕೆಳಗೆ ಹೋಗುತ್ತದೆ. ಮೆಸೆಂಜರಿನಲ್ಲಿ ಸಾಲು ಹರಿಹರಕ್ಕೆ ಹೋಯಿತು. ಗಾಬರಿಯಾಗಿ ಮುಂದಿನ ಸಾಲು ಬೇಗ ಹೊಡೆದೆ: "ಆ ಡಬ್ಬಿ ವಿಷಯ." ಅದೂ ಹೋಯಿತು. "ಆ ಸ್ಟೇಟಸ್ ನನಗೇನಾ? ಆಗಿದ್ರೆ ಹೇಳಿಬಿಡು" ಎಂದು ಹೊಡೆದು ಅದನ್ನೂ ಕಳಿಸಿದ ಕೂಡಲೇ ಮೋಡೆಮಿನ ದೀಪ ಆರಿತು. ಲೈನ್ ಕಟ್.

ಮಾಲೀಕರು ಎಷ್ಟು ಸಲ ಡಯಲ್ ಮಾಡಿದರೂ ಆ ಯಂತ್ರ ಗರಗರ ಎಂದು ಕೂಗಿ ಸುಮ್ಮನಾಗುತ್ತಿತ್ತು.

"ಯಾವ ಡಬ್ಬಿ ಮೇಡಂ?" ಎಂದರು.

"ಇವತ್ತಿನ ಬಿಲ್ ಎಷ್ಟಾಯ್ತು ಹೇಳ್ರಿ" ಎಂದೆ.

೫. ನನ್ನ ದೊಡ್ಡ ಮನಸ್ಸು

ನಾವು ಇಲ್ಲದಾಗ ಬಂದ ಸಂದೇಶಗಳು ಸರ್ವರಿನಲ್ಲಿ ಕಾದು ಕೂತು, ಮತ್ತೆ ಲಾಗಿನ್ ಆದಾಗ ಒಟ್ಟಿಗೆ ಬಂದು ಬೀಳುತ್ತಿದ್ದವು. ಮರುದಿನ ಬೆಳಿಗ್ಗೆ ಕೆಫೆ ಬಾಗಿಲು ತೆಗೆಯುವ ಮುಂಚೆಯೇ ನಾನು ಮೆಟ್ಟಿಲ ಮೇಲೆ. ಲಾಗಿನ್ ಆದ ಕೂಡಲೇ ಗೆಳತಿಯ ಏಳು ಸಾಲು:

"ಡಬ್ಬಿ ವಿಷಯ ನಿನಗೆ ಯಾರು ಹೇಳಿದ್ರು?"

"ಅತ್ತೆ ಹೇಳಿದ್ರಾ?"

"ಸಾರಿ ಕಣೆ."

"ಡಬ್ಬಿ ಕಾಣ್ತಿಲ್ಲ ಅಂತ, ನಾನೇ ತವರಿಗೆ ಸಾಗಿಸಿದೀನಿ ಅಂತ ದಿನಾ ಅಂತಿದ್ರು. ತಡೀಲಾರದೆ ನೀನು ತಗೊಂಡು ಹೋಗಿದೀಯ ಅಂತ ಸುಳ್ಳು ಹೇಳಿಬಿಟ್ಟೆ."

"ನೀನು ಹೆಂಗೂ ಊರಾಗೆ ಇರಲ್ಲ ಅಂತ."

"ಆ ಸ್ಟೇಟಸ್ ಅಂತೀಯಾ? ಅದು ನನ್ನ ತಮ್ಮಗೆ. ಬಂದವನು ನನ್ನ ಬೀರು ಕೀಲಿ ಪ್ಯಾಂಟಿನ ಜೇಬಿನಾಗೆ ಹಾಕ್ಕೊಂಡು ಪುಣೆಗೆ ಹೋಗ್ಯಾನ. ಹದಿನೈದು ದಿನದಿಂದ ಎರಡೇ ಸೀರೆ ಉಡ್ತಿದೀನಿ. ಫೋನ್ ಮಾಡಿದ್ರೆ ಅವನ ಹೆಂಡ್ತಿ ಎತ್ತಿ, ಕಳಿಸ್ತೀವಿ ಅಂತಾಳೆ."

"ನಿನ್ನ ಮೇಲೆ ಕಳ್ಳತನ ಹೊರಿಸಿದೆ. ನನ್ನ ಕ್ಷಮಿಸ್ತೀಯಾ?"

ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಬರೆದೆ: "ಪರವಾಗಿಲ್ಲ ಬಿಡು. ನಾನೇನು ಮನಸ್ಸಿಗೆ ಹಚ್ಚಿಕೊಂಡಿಲ್ಲ."

ಮಾಲೀಕರು ಬಂದು ಕೇಳಿದರು, "ಬಗೆಹರೀತಾ ಮೇಡಂ?"

"ಬಗೆಹರೀತ್ರಿ. ಅವಳನ್ನ ಕ್ಷಮಿಸಿದೆ."

"ತಪ್ಪು ಅವರದ್ದೇನಾ?"

"ಅಷ್ಟು ನೇರವಾಗಿ ಕೇಳಬ್ಯಾಡ್ರಿ" ಎಂದೆ.

೬. ಊಟ

ಗೆಳತಿ ನನ್ನಷ್ಟು ಗಟ್ಟಿಯವಳಲ್ಲ. ಕ್ಷಮೆ ಸಿಕ್ಕ ಸಂಜೆಯೇ ಅತ್ತೆಯ ಮುಂದೆ ನಿಂತು, ಅವಳು ತಗೊಂಡಿಲ್ಲ, ನಾನೇ ಸುಳ್ಳು ಹೇಳಿದ್ದೆ ಎಂದುಬಿಟ್ಟಳು. ಭಾನುವಾರ ನನಗೆ ಊಟಕ್ಕೆ ಕರೆ ಬಂತು.

ಅತ್ತೆ ತಾವೇ ಬಡಿಸಿದರು. ಹೋಳಿಗೆ, ಮೇಲೆ ತುಪ್ಪ, ಬೇಡ ಎಂದರೂ ಇನ್ನೊಂದು ಹೋಳಿಗೆ. "ತಂಗಿ, ನಿನ್ನ ಮ್ಯಾಲೆ ಸುಮ್ನೆ ಅನುಮಾನ ಪಟ್ಟೆ. ದಿನಾ ದೇವರ ಮುಂದೆ ನಿಂತು ನಿನ್ನ ಹೆಸರು ಹೇಳ್ತಿದ್ದೆ."

"ಏನಂತ ಅವ್ವ?"

"ಬ್ಯಾಡ ಬಿಡು. ಉಣ್ಣೋ ಹೊತ್ತಿನಾಗೆ."

ಆಮೇಲೆ ಸೊಸೆಯ ಕಡೆ ತಿರುಗಿದರು. "ಹಂಗಾದ್ರೆ ಡಬ್ಬಿ ನಾನಂದಂಗ ತವರಿಗೇ ಹೋಗೈತೆ." ಗೆಳತಿ ತಟ್ಟೆಯಲ್ಲಿದ್ದ ಹೋಳಿಗೆಯನ್ನು ಬದಿಗೆ ಸರಿಸಿದಳು. ಎಂಟು ತಿಂಗಳ ಮಾತು ಮತ್ತೆ ಮೊದಲಿನಿಂದ ಶುರುವಾಗಲಿತ್ತು.

ಅತ್ತೆ ಒಳಗೆ ಹೋಗಿ ಹೊಳೆಯುವ ಒಂದು ಹೊಸ ಸ್ಟೀಲ್ ಡಬ್ಬಿ ತಂದು ನನ್ನ ಕೈಗಿಟ್ಟರು. ತುಂಬ ಚಟ್ನಿಪುಡಿ. "ತಗೊಂಡು ಹೋಗು. ಊರೂರು ತಿರುಗೋಳು ನೀನು, ಬಾಯಿಗೆ ರುಚಿ ಇರಲಿ."

ಇನ್ನೂ ಒಂದು ಡಬ್ಬಿ ಹೊತ್ತುಕೊಂಡು ಆ ಮನೆಯಿಂದ ಹೊರಡುವುದು ನನ್ನಿಂದಾಗಲಿಲ್ಲ.

"ಅವ್ವ, ಇವಳು ಸುಳ್ಳು ಅಂದ್ಕೊಂಡು ಹೇಳಿದ್ದು ನಿಜ. ಡಬ್ಬಿ ತಗೊಂಡು ಹೋದವಳು ನಾನೇ. ನೀವೆಲ್ಲ ಮಲಗಿದ್ರಿ. ಮನಾಲಿಯಾಗೆ ಬಿಟ್ಟು ಬಂದೆ."

ಮೊದಲು ಮಾತಾಡಿದವಳು ಗೆಳತಿ. "ಲೇ, ಮತ್ತೆ ನೀನು ನನ್ನ ಕ್ಷಮಿಸಿದ್ಯಲ್ಲೇ?"

"ನೀನು ಕೇಳಿದೆ, ನಾನು ಕೊಟ್ಟೆ."

"ಆ ರಾತ್ರಿಯೆಲ್ಲ ಅತ್ತು ಅತ್ತು ಕಣ್ಣು ಊದಿಸ್ಕೊಂಡಿದ್ದೆ. ಒಂದು ಸಲ ಬಾಯಿ ಬಿಡಬಾರದಾ ನೀನು?"

ಅತ್ತೆಗೆ ಬೇರೆಯದೇ ಯೋಚನೆ. "ಮನಾಲಿ ಅಂದ್ರೆ ಎಲ್ಲಿ ಬರ್ತೈತೆ?"

"ಹಿಮಾಲಯದ ಕಡೆ ಅವ್ವ."

"ಚಟ್ನಿಪುಡಿ ಎಲ್ಲಾ ಖಾಲಿ ಆತಾ?"

"ಆತು. ಲಾಡ್ಜಿನವರೂ ತಿಂದ್ರು."

"ಚಲೋ ಐತೆ ಅಂದ್ರಾ?"

"ಇನ್ನೂ ಐತಾ ಅಂತ ಕೇಳಿದ್ರು."

ಅವರ ಮುಖದಲ್ಲಿ ಹಿಗ್ಗು ಕಂಡು, ಬದುಕಿದೆ ಎಂದುಕೊಂಡೆ. ಅತ್ತೆ ಸೊಸೆಯ ಕಡೆ ನೋಡಿ, "ಇನ್ನೊಂದು ಹೋಳಿಗೆ ಹಾಕ್ಕೊ, ಬಾಡಿ ಹೋಗೀಯ" ಎಂದರು. ಆ ಮನೆಯಲ್ಲಿ ಕ್ಷಮೆ ಕೇಳುವ ರೀತಿ ಅದು ಎಂದು ಗೆಳತಿ ಆಮೇಲೆ ಹೇಳಿದಳು.

ಬಳಿಕ ಅತ್ತೆ ನನ್ನ ಕೈಯಿಂದ ಡಬ್ಬಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ನೆಲದ ಮೇಲೆ ಹಳೆಯ ನ್ಯೂಸ್‌ಪೇಪರ್ ಹಾಸಿ, ಚಟ್ನಿಪುಡಿಯನ್ನೆಲ್ಲ ಅದರ ಮೇಲೆ ಸುರಿದು, ತಳಕ್ಕೆ ಎರಡು ಸಲ ತಟ್ಟಿ, ಪೊಟ್ಟಣ ಕಟ್ಟಿ ದಾರ ಸುತ್ತಿದರು. ಖಾಲಿ ಡಬ್ಬಿಯನ್ನು ಸೆರಗಿನಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು.

"ತಗಾ ತಂಗಿ. ಮನೆ ನಿಂದೇ ಐತೆ, ಯಾವಾಗ ಬೇಕಾದ್ರೂ ಬಾ. ಚಟ್ನಿಪುಡಿ ಎಷ್ಟು ಬೇಕಾದ್ರೂ ಕೇಳು. ನಿಂಗೆ ಮಾತ್ರ ಇನ್ಮ್ಯಾಲೆ ಪೇಪರಿನಾಗೆ."