ಕೇಳುವ ಮೊದಲೇ ಬರುವ ಸಾರಿ

ನಮ್ಮ ಮನೆಯಲ್ಲಿ ಜಗಳಕ್ಕೆ ಆಯುಷ್ಯವೇ ಇಲ್ಲ. ನಾನು “ನೋಡಿ...” ಎನ್ನುವಷ್ಟರಲ್ಲಿ ನಮ್ಮವರು “ಸಾರಿ ಮಾರಾಯ್ತಿ, ನಂದೇ ತಪ್ಪು” ಎಂದುಬಿಡುತ್ತಾರೆ. ಮುಗಿಯಿತು! ಒಮ್ಮೆ “ನೋಡಿ, ದೋಸೆ ಆರುತ್ತಿದೆ” ಎನ್ನಲು ಹೊರಟಿದ್ದೆ. ಅದಕ್ಕೂ ಕ್ಷಮೆ ಸಿಕ್ಕಿತು.

ಇಂಥ ಗಂಡನ ಮೇಲೆ ದೂರು ಹೇಳಿದರೆ ಯಾರು ನಂಬುತ್ತಾರೆ? ಆದರೂ ಹೇಳುತ್ತೇನೆ. ನಮ್ಮವರ ಹೊಟ್ಟೆಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ಸ್ಕೂಟರ್ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಫೇಲಾದ ದಿನ, “ಯಾರಿಗೂ ಹೇಳಬೇಡಿ” ಎಂದಿದ್ದೆ. ಸಂಜೆಯೇ ಕುಮಟಾದಿಂದ ಅತ್ತೆಯ ಫೋನು: “ಎಂಟು ಹಾಕೂಕೆ ಹೋಗಿ ಕಾಲು ಊರಿದ್ಯಂತೆ, ಹೌದೇನೆ?” ಮರುದಿನ, ಇವರು ಹೊನ್ನಾವರದಿಂದ ಭಟ್ಕಳದ ಆಫೀಸಿಗೆ ದಿನವೂ ಹೋಗುವ ಬಸ್ಸಿನ ಕಂಡಕ್ಟರ್ ಕೂಡ ಪೇಟೆಯಲ್ಲಿ ಸಿಕ್ಕಿ ನನಗೆ ಧೈರ್ಯ ಹೇಳಿದರು!

ಇವರು “ಸಾರಿ” ಎಂದರು. ಮುಂದಿನ ವಾರ ನನ್ನ ಹಲ್ಲುನೋವು ಊರಿಗೆಲ್ಲ ಗೊತ್ತಾಯಿತು. ಮತ್ತೆ “ಸಾರಿ”. ವಿಚಿತ್ರವೆಂದರೆ, ಅಷ್ಟು ಬೇಗ ಶರಣಾದವರ ಜೊತೆ ಇನ್ನೂ ಜಗಳ ಮುಂದುವರಿಸಿದರೆ ನಾನೇ ಕ್ರೂರಿ. ಹಾಗಾಗಿ ನಾನು ಸುಮ್ಮನಾಗುತ್ತಿದ್ದೆ. ಕ್ರಮೇಣ ಅವರಿಗೆ ಏನನ್ನೂ ಹೇಳದವಳಾದೆ.

ಒಂದು ಭಾನುವಾರ ಅವರಿಗೆ ಈ ಮೌನ ಕಂಡಿತು.

“ಸಾರಿ.”

“ಎಂತಕ್ಕೆ?”

“ಎಲ್ಲದಕ್ಕೂ!”

“ಎಲ್ಲದಕ್ಕೂ ಬೇಡ. ಒಂದಕ್ಕೆ ಸಾಕು. ಏನು ಮಾಡಿದ್ದೀರಿ, ಹೇಳಿ.”

ಅವರು ಫ್ಯಾನ್ ನೋಡಿದರು. ಎದ್ದು ಅದರ ಸ್ವಿಚ್ಚು ಹಾಕಿ ಮತ್ತೆ ಬಂದು ಕೂತರು.

“ನೀನು ನಂಗೆ ಒಬ್ಬನಿಗೇ ಹೇಳಿದ್ದು. ನಾ ಅದನ್ನ ಪ್ರಸಾದದಂಗೆ ಹಂಚಿದೆ,” ಎಂದರು ಕೊನೆಗೆ. “ಸಾರಿ ಅಂದ್ರೆ ನೀ ಸುಮ್ನಾಗ್ತೆ ಅಂತ ಗೊತ್ತಿತ್ತು.”

ಅದು ಸಾರಿಗಿಂತ ಒಳ್ಳೆಯ ಮಾತು. ಆದರೂ ಮಾತೇ ತಾನೇ? ನಂಬಬೇಕೋ ಬೇಡವೋ ತಿಳಿಯಲಿಲ್ಲ. ಅದಕ್ಕೇ, ಎರಡು ವಾರದಿಂದ ಒಳಗೇ ಇಟ್ಟುಕೊಂಡಿದ್ದ ಒಂದು ಸೋಲನ್ನು ಅವರ ಕೈಗೆ ಕೊಟ್ಟೆ: ಹೋಗಿಬಂದದ್ದು ಎಲ್ಲರಿಗೂ ಗೊತ್ತಿದ್ದ ಪಿಎಚ್‌ಡಿ ಸಂದರ್ಶನದಲ್ಲಿ ನಾನು ಆಯ್ಕೆಯಾಗಿರಲಿಲ್ಲ.

ಸೋಮವಾರ ಅತ್ತೆಯ ಫೋನು ಬರಲಿಲ್ಲ. ಬುಧವಾರವೂ ಇಲ್ಲ. ಕಂಡಕ್ಟರ್ ನನ್ನನ್ನು ನೋಡಿ ಬರೇ ನಕ್ಕರು, ಧೈರ್ಯ ಹೇಳಲಿಲ್ಲ.

ಮುಂದಿನ ಭಾನುವಾರ ಕುಮಟಾದಲ್ಲಿ ಊಟಕ್ಕೆ ಕೂತಾಗ ಅತ್ತೆ ಮಗನನ್ನೇ ಕೇಳಿದರು: “ಇವಳ ಇಂಟರ್‌ವ್ಯೂ ಎಂತ ಆತಾ?”

ನಮ್ಮವರ ಮುಖ ಕೆಂಪಾಯಿತು. ಒಂದು ಲೋಟ ನೀರು ಗಟಗಟ ಕುಡಿದರು.

“ಅದನ್ನ ಅವಳ ಹತ್ರವೇ ಕೇಳು ಆಯಿ.”

“ನಿನಗೆ ಗೊತ್ತಿಲ್ವನಾ?”

“ಗೊತ್ತಿದ್ದು. ಆದ್ರೆ ಹೇಳೂದಿಲ್ಲ.”

ಅತ್ತೆ ಗಾಬರಿಯಿಂದ ಮಗನ ಹಣೆ ಮುಟ್ಟಿ ನೋಡಿದರು.

ವಾಪಸು ಬರುವಾಗ ಧಾರೇಶ್ವರ ದಾಟಿದ ಮೇಲೆ, ಸ್ಕೂಟರಿನ ಹಿಂದೆ ಕೂತ ನಾನು ಯಾರಿಗೂ ಹೇಳದ ಇನ್ನೊಂದು ಮಾತು ಹೇಳಿದೆ: ಮತ್ತೆ ಅರ್ಜಿ ಹಾಕಬೇಕೆಂದಿದೆ, ಆದರೆ ತುಂಬಾ ಹೆದರಿಕೆ.

ಗಾಳಿಗೆ ಸರಿಯಾಗಿ ಕೇಳಿಸಲಿಲ್ಲವೇನೋ. ಅವರು ಸ್ಕೂಟರನ್ನು ರಸ್ತೆ ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ನನ್ನ ಕಡೆ ತಿರುಗಿ ಕೂತರು.