ಮಷೀನ್ ಕೆಟ್ಟಿರಲಿಲ್ಲ

ಬಟ್ಟೆ ಹೊಲಿಯುವವರಿಗೂ ಸತ್ಯಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಇದನ್ನು ಬೇರೆ ಯಾರಾದರೂ ಅಂದಿದ್ದರೆ ಕತ್ತರಿ ಹಿಡಿದೇ ಜಗಳಕ್ಕೆ ಹೋಗುತ್ತಿದ್ದೆ. ಆದರೆ ಹೊಳಲ್ಕೆರೆಯ ನಮ್ಮ ಬೀದಿಯಲ್ಲಿ ಇಷ್ಟು ವರ್ಷ ರವಿಕೆ ಹೊಲಿದ ನಾನೇ ಹೇಳುತ್ತಿದ್ದೇನೆ, ನಂಬಿ. "ನಾಳೆ ಬರ್ರಿ, ಹುಕ್ ಒಂದು ಬಾಕಿ ಐತೆ" ಎಂದು ನಾನು ಹೇಳಿದ ರವಿಕೆಗಳಲ್ಲಿ ಎಷ್ಟೋ ಇನ್ನೂ ಕತ್ತರಿಯನ್ನೇ ಕಂಡಿರಲಿಲ್ಲ. ಕೇಳುವವರಿಗೂ ಅದು ಗೊತ್ತಿರುತ್ತದೆ. ಆದರೂ ತಲೆಯಾಡಿಸಿ ಹೋಗಿ ಮಾರನೆಯ ದಿನ ಬರುತ್ತಾರೆ. ಅದು ಸುಳ್ಳಲ್ಲ, ಕಸುಬಿನ ಮರ್ಯಾದೆ ಎಂದೇ ನಾನು ತಿಳಿದಿದ್ದೆ. ಆದರೆ 'ನಾಳೆ ಕೊಡುತ್ತೇನೆ' ಅನ್ನುವ ಸುಳ್ಳೇ ಬೇರೆ, 'ಆಗುವುದಿಲ್ಲ' ಅನ್ನಬೇಕಾದ ಕಡೆ ಹೇಳುವ ಸುಳ್ಳೇ ಬೇರೆ. ಈ ವ್ಯತ್ಯಾಸ ತಿಳಿಯುವ ಹೊತ್ತಿಗೆ ನನಗಿದ್ದ ಒಬ್ಬಳೇ ಒಬ್ಬಳು ಗೆಳತಿಯನ್ನು ಕಳೆದುಕೊಂಡಿದ್ದೆ.

ಎಲ್ಲಾ ಶುರುವಾದದ್ದು ಎರಡು ತೋಳುಗಳಿಂದ. ಹೋದ ವರ್ಷ ಒಬ್ಬರು ರವಿಕೆಗೆಂದು ಬಣ್ಣದ ರೇಷ್ಮೆ ಕಣ ಕೊಟ್ಟಿದ್ದರು. ರವಿಕೆಯ ತೋಳಿಗೆ ಮುಂಭಾಗ ಹಿಂಭಾಗ ಅಂತ ಇರುತ್ತದೆ, ಕಂಕುಳ ಹತ್ತಿರ ಮುಂದುಗಡೆ ಸ್ವಲ್ಪ ಆಳವಾಗಿ ಕತ್ತರಿಸಬೇಕು. ಬಟ್ಟೆಯ ಒಳಮೈ ಹೊರಮೈ ತಪ್ಪಿತೋ, ಎರಡೂ ತೋಳು ಒಂದೇ ಕೈಗೆ ಆಗುತ್ತವೆ. ನನಗೆ ಆದದ್ದು ಅದೇ. ಎರಡೂ ಬಲಗೈ! ಹೊಸದಾಗಿ ಕಲಿಯುವ ಹುಡುಗಿಯರು ಮಾಡುವ ತಪ್ಪು. ಅಂಗೈಯಲ್ಲಿ ಬಟ್ಟೆ ಹಿಡಿದು ಕಿಟಕಿಗೆ ಹೋದೆ, ಬಾಗಿಲಿಗೆ ಹೋದೆ, ಕೊನೆಗೆ ಬೀದಿಗೇ ಹೋದೆ. ಯಾವುದು ಹೊಳೆಯುವ ಮೈ, ಯಾವುದು ಮಂಕು ಮೈ ಎಂದು ತಿಳಿಯಲೇ ಇಲ್ಲ. ಚಿತ್ರದುರ್ಗಕ್ಕೆ ಹೋಗಿ ತೋರಿಸಿದರೆ ಡಾಕ್ಟರು, "ಎರಡೂ ಕಣ್ಣಿಗೆ ಪೊರೆ ಬಂದೈತಮ್ಮ. ಸಕ್ಕರೆ ಜಾಸ್ತಿ ಐತೆ, ಅದು ಹತೋಟಿಗೆ ಬರ್ಲಿ, ಆಪರೇಷನ್ ಮಾಡಾಣ" ಎಂದರು. ನಾನು ಮನೆಗೆ ಬಂದು ಅದನ್ನು ಯಾರಿಗೂ ಹೇಳಲಿಲ್ಲ. ರವಿಕೆ ಹೊಲಿಯುವವಳಿಗೆ ಕಣ್ಣು ಕಾಣುವುದಿಲ್ಲ ಅನ್ನುವ ಸುದ್ದಿ ನಮ್ಮ ಬೀದಿಯಲ್ಲಿ ಹಬ್ಬಲು ಒಂದು ಬಿಂದಿಗೆ ನೀರು ತುಂಬುವಷ್ಟು ಹೊತ್ತು ಸಾಕು. ಶಾಲೆಯ ಯೂನಿಫಾರಂ ಮಾತ್ರ ಹೊಲಿಯುತ್ತಾ ಕುಳಿತೆ. ಅದು ನೇರ ಹೊಲಿಗೆ, ದಪ್ಪ ಬಟ್ಟೆ. ಕಣ್ಣಿಲ್ಲದಿದ್ದರೂ ಕೈಗೆ ಗೊತ್ತು.

ಇಂಥ ಹೊತ್ತಿಗೆ ಸರಿಯಾಗಿ ಚನ್ನಿ ಬಂದಳು. ಚನ್ನಬಸಮ್ಮ ತಾಳ್ಯದವಳು, ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು. ಅವಳ ಮಗಳು ಸೌಮ್ಯಳ ತೊಟ್ಟಿಲ ಕುಲಾವಿಯಿಂದ ಕಾಲೇಜಿನ ಚೂಡಿದಾರದವರೆಗೂ ನನ್ನದೇ ಹೊಲಿಗೆ. "ಇವಳ ಧಾರೆ ರವಿಕೆನೂ ನಂದೇ" ಎಂದು ಆ ಮಗು ಅಂಬೆಗಾಲಿಡುವಾಗಲೇ ನಾನು ಹೇಳಿದ್ದೆ. ಚನ್ನಿ ಅದನ್ನು ಮರೆತಿರಲಿಲ್ಲ. ಚೀಲದಿಂದ ರೇಷ್ಮೆ ಕಣ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ನೋಡೇ ರುದ್ರಿ, ಬಣ್ಣ ಹೆಂಗೈತೆ?"

ನನಗೆ ಕಂದು ಅನ್ನಿಸಿತು. "ಭಾಳ ಚೆನ್ನಾಗೈತೆ" ಎಂದೆ. ಅದು ನೇರಳೆ ಎಂದು ಆಮೇಲೆ ತಿಳಿಯಿತು.

ಆ ಕ್ಷಣದಲ್ಲಿ ಒಂದು ಮಾತು ಸಾಕಿತ್ತು. "ಕಣ್ಣಿಗೆ ಪೊರೆ ಬಂದೈತೆ, ರೇಷ್ಮೆ ನನ್ನ ಕೈಲಾಗಲ್ಲ ಕಣೆ." ಒಂದು ಉಸಿರಿನ ಮಾತು. ನಾನು ಹೇಳಿದ್ದು, "ಕೈತುಂಬಾ ಕೆಲಸ ಐತೆ ಕಣೆ, ನೋಡಾಣ." 'ನೋಡಾಣ' ಅನ್ನುವುದು ನಮ್ಮ ಕಡೆ ದೊಡ್ಡ ಮಾತು. ಹೇಳಿದವರು 'ಇಲ್ಲ' ಅಂದುಕೊಳ್ಳುತ್ತಾರೆ, ಕೇಳಿದವರು 'ಆಯ್ತು' ಅಂದುಕೊಳ್ಳುತ್ತಾರೆ. ಚನ್ನಿ ನಕ್ಕು, "ಆತುರ ಇಲ್ಲ ಬಿಡೇ, ಮದುವೆಗೆ ಇನ್ನೂ ಎರಡು ತಿಂಗಳೈತೆ" ಎಂದು ಕಣ ಬಿಟ್ಟು ಹೊರಟೇ ಹೋದಳು.

ಹದಿನೈದು ದಿನ ಬಿಟ್ಟು ಫೋನ್ ಮಾಡಿದಳು. ಈಗ ಕೆಲಸ ಜಾಸ್ತಿ ಅನ್ನುವಂತಿಲ್ಲ. "ಮಷೀನ್ ಕೆಟ್ಟೈತೆ ಕಣೆ" ಎಂದುಬಿಟ್ಟೆ. ನೆಪ ಹೇಳುವವರು ಒಂದು ವಿಷಯ ಮರೆಯುತ್ತಾರೆ. ಎದುರಿನವರಿಗೆ ನಮ್ಮ ಮೇಲೆ ಪ್ರೀತಿ ಇದ್ದರೆ ಅವರು ನೆಪವನ್ನು ನೆಪ ಅಂದುಕೊಳ್ಳುವುದಿಲ್ಲ, ಕಷ್ಟ ಅಂದುಕೊಂಡು ಪರಿಹಾರಕ್ಕೆ ನಿಲ್ಲುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಗಂಡಸು, ಕೈಯಲ್ಲಿ ಸ್ಪ್ಯಾನರಿನ ಡಬ್ಬಿ. ಚನ್ನಿಯ ಮೈದುನ, ಹಿರಿಯೂರಿನಲ್ಲಿ ಮಷೀನ್ ರಿಪೇರಿ ಮಾಡುವವನು. ಅತ್ತಿಗೆ ಹೇಳಿದಳೆಂದು ಅಂಗಡಿ ಮುಚ್ಚಿ ಎರಡು ಬಸ್ಸು ಬದಲಿಸಿ ಬಂದಿದ್ದ. ಅವನು ಮಷೀನನ್ನು ಪೂರ್ತಿ ಬಿಚ್ಚಿದ, ನೋಡಿದ, ಮತ್ತೆ ಜೋಡಿಸಿದ. ನಾನು ಅಡುಗೆಮನೆಯಲ್ಲಿ ಅವನಿಗೆ ಕಾಫಿ ಮಾಡುತ್ತಾ ಬೆವರುತ್ತಿದ್ದೆ.

"ಅಕ್ಕಾ, ಮಷೀನ್ ಚೆನ್ನಾಗೈತಲ್ರಿ?"

"ಹಂಗಾ? ನಿನ್ನೆ ಕಟಕಟ ಅಂತಿತ್ತಪ್ಪ."

ಪಾಪ, ಬಂದ ತಪ್ಪಿಗೆ ಎಣ್ಣೆ ಬಿಟ್ಟು, ಬೇಡದ ಬೆಲ್ಟ್ ಒಂದನ್ನು ಬದಲಿಸಿ ಹೋದ. ಹೋಗುವಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ ಎಂದು ನನಗನ್ನಿಸಿತು. ಮುಖ ಮಸುಕಾಗಿ ಕಾಣುತ್ತಿದ್ದರಿಂದ ಖಚಿತವಾಗಿ ಹೇಳಲಾರೆ.

ಮೂರನೆಯ ನೆಪ, ಆ ಬಣ್ಣದ ಲೈನಿಂಗ್ ಹೊಳಲ್ಕೆರೆಯಲ್ಲಿ ಸಿಗುತ್ತಿಲ್ಲ ಎಂಬುದು. ಚನ್ನಿ ಮದುವೆ ಕೆಲಸ ಬಿಟ್ಟು ಚಿತ್ರದುರ್ಗಕ್ಕೆ ಹೋಗಿ, ಒಂದಲ್ಲ, ಮೂರು ಛಾಯೆಯ ಲೈನಿಂಗ್ ತಂದಳು, ಜೊತೆಗೆ ದಾರದ ಉಂಡೆ, ಹುಕ್ಕಿನ ಪ್ಯಾಕೆಟ್ಟು. "ಯಾವ್ದು ಹೊಂದುತ್ತೋ ನೀನೇ ನೋಡೇ" ಎಂದಳು. ಮೂರೂ ನನಗೆ ಒಂದೇ ಥರ ಕಂಡವು. ಮದುವೆಗೆ ಹನ್ನೆರಡು ದಿನ ಉಳಿದಾಗ ನಾಲ್ಕನೆಯದು: "ಕೈ ನೋವು, ಎತ್ತೋಕೇ ಆಗ್ತಿಲ್ಲ."

ಮಾರನೆಯ ದಿನ ಮಧ್ಯಾಹ್ನ ನಾನು ಯೂನಿಫಾರಂ ಹೊಲಿಯುತ್ತಿದ್ದೆ. ಹೊಸ ಬೆಲ್ಟು, ಹೊಸ ಎಣ್ಣೆ, ಮಷೀನ್ ಬೀದಿಯ ಕೊನೆಯವರೆಗೂ ಕೇಳುವಷ್ಟು ಹುರುಪಿನಿಂದ ಓಡುತ್ತಿತ್ತು. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಯಾರೆಂದು ತಿಳಿಯಲಿಲ್ಲ. ವಾಸನೆಯಿಂದ ತಿಳಿಯಿತು. ಚನ್ನಿ, ಅವಳ ಕೈಯಲ್ಲಿ ನನ್ನ ಕೈನೋವಿಗೆಂದು ಕಾಸಿ ತಂದ ಬೆಳ್ಳುಳ್ಳಿ ಎಣ್ಣೆ.

ಬಾಟಲಿಯನ್ನು ಮಷೀನಿನ ಮೇಲಿಟ್ಟಳು. ಕೂರಲಿಲ್ಲ.

"ಕುಂತ್ಕಳೆ."

"ಬ್ಯಾಡ. ಒಂದೇ ಮಾತು ಕೇಳ್ತೀನಿ. ನಮ್ಮ ಸೌಮ್ಯ ಬೇರೆ ಜಾತಿ ಹುಡುಗನ್ನ ಮದುವೆ ಆಗ್ತಾಳೆ ಅಂತ ತಾನೆ ನೀನು ಆ ಬಟ್ಟೆ ಮುಟ್ಟದೇ ಇರೋದು?"

ಹುಡುಗ ಬೇರೆ ಜಾತಿಯವನೆಂದು ಕೇಳಿದ್ದೆ, ಅಷ್ಟೇ. ದೇವರಾಣೆ, ಆ ಯೋಚನೆ ನನ್ನ ತಲೆಗೇ ಬಂದಿರಲಿಲ್ಲ. ಆದರೆ ಅವಳ ತಲೆಯಲ್ಲಿ ಹಗಲೂ ಇರುಳೂ ಅದೇ ಇತ್ತು. ನಾದಿನಿ ಮಾತು ಬಿಟ್ಟಿದ್ದಳು, ಭಾವ ಮದುವೆಗೆ ಬರುವುದಿಲ್ಲ ಎಂದಿದ್ದ. ಉಳಿದ ನೆಂಟರು ಹೇಳಿದ್ದೂ ಇದನ್ನೇ ಅಂತೆ: ಆ ದಿನ ಸ್ವಲ್ಪ ಕೆಲಸ ಐತೆ, ನೋಡಾಣ. ಕಾರಣವನ್ನು ನಾವು ಖಾಲಿ ಬಿಟ್ಟರೆ ಎದುರಿನವರು ತಮಗೆ ಎಲ್ಲಿ ಹೆಚ್ಚು ನೋಯುತ್ತದೋ ಅದನ್ನೇ ಅಲ್ಲಿ ತುಂಬಿಕೊಳ್ಳುತ್ತಾರೆ. ಒಂದೂವರೆ ತಿಂಗಳು ನಾನು ಅವಳಿಂದ ಮಾಡಿಸಿದ ಕೆಲಸ ಅದು.

"ಅಯ್ಯೋ ಹುಚ್ಚಿ, ಹಂಗಲ್ವೇ! ನಂಗೆ ಕಣ್ಣು ಕಾಣಲ್ಲ ಕಣೆ. ಪೊರೆ ಬಂದೈತೆ" ಎಂದೆ. ಕೊನೆಗೂ ಹೇಳಿದೆ.

ಚನ್ನಿ ನಕ್ಕಳು. ಆ ನಗೆ ಇವತ್ತಿಗೂ ನನ್ನ ಕಿವಿಯಲ್ಲಿದೆ. "ಕೆಲಸ ಜಾಸ್ತಿ, ಮಷೀನ್ ಕೆಟ್ಟೈತೆ, ಲೈನಿಂಗ್ ಇಲ್ಲ, ಕೈ ನೋವು. ಈಗ ಕಣ್ಣು! ಐದನೇದು ಚೆನ್ನಾಗೈತೆ ಬಿಡು ರುದ್ರಿ. ಇಷ್ಟು ಹೊತ್ತು ಮಷೀನ್ ಯಾರು ತುಳೀತಿದ್ರು?"

ನನ್ನ ಬಳಿ ಇದ್ದ ಒಂದೇ ಒಂದು ನಿಜ, ಸಾಲಿನ ಕೊನೆಯಲ್ಲಿ ಬಂದು ನಿಂತು, ಐದನೆಯ ಸುಳ್ಳಾಯಿತು. ಮೊದಲ ದಿನ ಹೇಳಿದ್ದರೆ ಅವಳು ಕಣವನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ಅಪ್ಪಿಕೊಂಡು ಅಳುತ್ತಿದ್ದಳು. ಈಗ ಕಣ, ಮೂರು ಲೈನಿಂಗ್, ದಾರ, ಹುಕ್ಕು ಎಲ್ಲಾ ಚೀಲಕ್ಕೆ ಹಾಕಿಕೊಂಡು ಹೋದಳು. ಎಣ್ಣೆ ಬಿಟ್ಟು ಹೋದಳು. ನಾನು ಹೊತ್ತು ಮುಳುಗುವವರೆಗೆ ಅತ್ತೆ. ಪೊರೆ ಬಂದ ಕಣ್ಣಲ್ಲಿ ನೀರು ಮಾತ್ರ ಚೆನ್ನಾಗಿಯೇ ಬರುತ್ತದೆ.

ಬುದ್ಧಿ ಬಂತು ಅನ್ನಿ, ತಡವಾಗಿ. ಆ ವಾರವೇ ಎದುರು ಬೀದಿಯ ಟೀಚರಮ್ಮ ರೇಷ್ಮೆ ಕಣ ತಂದರು. ಬಾಯಿಗೆ 'ನೋಡಾಣ' ಬಂದೇ ಬಿಟ್ಟಿತ್ತು, ನುಂಗಿಕೊಂಡೆ. "ಕಣ್ಣಿಗೆ ಪೊರೆ ಬಂದೈತ್ರಿ, ರೇಷ್ಮೆ ಹೊಲಿಯಲ್ಲ. ನೇರ ಹೊಲಿಗೆ ಏನಾದ್ರೂ ಇದ್ರೆ ಕೊಡ್ರಿ" ಎಂದೆ. ಅಷ್ಟೇ. ಸಕ್ಕರೆಯ ವಿಷಯ, ಎರಡು ಬಲದೋಳಿನ ಪುರಾಣ ಯಾವುದನ್ನೂ ಬಿಚ್ಚಲಿಲ್ಲ. ಬೀದಿಯೆಲ್ಲ ಹಬ್ಬುತ್ತದೆ, ಗಿರಾಕಿಗಳು ಓಡಿಹೋಗುತ್ತಾರೆ ಎಂದು ಕಾದೆ. ಟೀಚರಮ್ಮ, "ಅಯ್ಯೋ, ನಮ್ಮತ್ತೆಗೂ ಹಿಂಗೇ ಆಗಿತ್ತು ಕಣ್ರಿ" ಎಂದರು. ಒತ್ತಾಯ ಮಾಡಲಿಲ್ಲ, ಮೆಕ್ಯಾನಿಕ್ ಕಳಿಸಲಿಲ್ಲ. ಒತ್ತಾಯ ಮಾಡಲು ಅದರಲ್ಲಿ ಜಾಗವೇ ಇರಲಿಲ್ಲ. "ಹಂಗಾದ್ರೆ ರೇಷ್ಮೆ ಯಾರಿಗೆ ಕೊಡ್ಲಿ, ನೀವೇ ಹೇಳ್ರಿ" ಎಂದು ಕೇಳಿದರು. ನಾನು ಹೇಳಿದ ಹುಡುಗಿಗೇ ಕೊಟ್ಟರು. ಮುಂದಿನ ವಾರ ದಿಂಬಿನ ಚೀಲಕ್ಕೆ ಬಟ್ಟೆ ತಂದರು. ಸುದ್ದಿ ಹಬ್ಬಿತು, ನಿಜ. ಆದರೆ ಈಗ ಬೀದಿಯಲ್ಲಿ, "ರುದ್ರಮ್ಮ ಆಗಲ್ಲ ಅಂದ್ರೆ ಆಗಲ್ಲ, ಕೊಡ್ತೀನಿ ಅಂದ್ರೆ ಕೊಟ್ಲು ಅಂತಾನೇ" ಅನ್ನುತ್ತಾರಂತೆ. ಇಷ್ಟು ವರ್ಷದ ಕಸುಬಿನಲ್ಲಿ ಸಿಗದ ಹೆಸರು, ಕಣ್ಣು ಹೋದ ಮೇಲೆ ಸಿಕ್ಕಿತು!

ಸೌಮ್ಯಳ ಮದುವೆಗೆ ಚನ್ನಿ ನಮ್ಮ ಪಕ್ಕದ ಮನೆಗೆ ಬಂದು ಕುಂಕುಮ ಕೊಟ್ಟು ಕರೆದಳು. ನನ್ನ ಪತ್ರಿಕೆಯನ್ನು ಅವರ ಕೈಯಲ್ಲೇ ಕೊಟ್ಟು ಹೋದಳು. ಹೋಗಬಾರದಿತ್ತು, ಹೋದೆ. ಹೊಸದುರ್ಗದ ಛತ್ರದಲ್ಲಿ ಸೌಮ್ಯ ಕಾಲಿಗೆ ಬಿದ್ದಾಗ ಬೆನ್ನ ಮೇಲೆ ಕೈಯಿಟ್ಟೆ. ಬೆರಳಿಗೆ ಹೊಲಿಗೆ ಸಿಕ್ಕಿತು. ಅಚ್ಚುಕಟ್ಟಾದ ಹೊಲಿಗೆ, ತಪ್ಪು ಹುಡುಕಿದರೂ ಸಿಗಲಿಲ್ಲ. ಅದಕ್ಕೂ ಅಳು ಬಂತು.

ಈಗ ಸಕ್ಕರೆ ಹತೋಟಿಗೆ ಬಂದಿದೆ. ಆಪರೇಷನ್ನಿಗೆ ಜೊತೆಗೆ ಒಬ್ಬರು ಬೇಕು ಎಂದರು ಡಾಕ್ಟರು. ಟೀಚರಮ್ಮ ಬರುತ್ತೇನೆಂದರು, ಪಕ್ಕದ ಮನೆಯವರೂ ಅಂದರು. ನಾನು ಮಾತ್ರ ಚನ್ನಿಗೆ ಫೋನ್ ಮಾಡಿದೆ. ದಿನ ಹೇಳಿ, ಜೊತೆಗೆ ಬಾರೆ ಎಂದೆ.

"ಆ ದಿನ ಸ್ವಲ್ಪ ಕೆಲಸ ಐತೆ ಕಣೆ. ನೋಡಾಣ."

ಆ ಮಾತಿನ ಒಳಮೈ ಹೊರಮೈ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ, "ಆತುರ ಇಲ್ಲ ಬಿಡೇ, ದಿನ ಮುಂದಕ್ಕೆ ಹಾಕಿಸ್ತೀನಿ" ಎಂದೆ. ಹಾಕಿಸಿದೆ. ಎರಡನೆಯ ಸಲ, ತಾಳ್ಯದಿಂದ ಬಸ್ಸು ಸರಿಯಿಲ್ಲ ಎಂದಳು. ಟೀಚರಮ್ಮನ ಯಜಮಾನರ ಕಾರು ಕಳಿಸುತ್ತೇನೆ ಎಂದಿದ್ದೇನೆ. ಡಾಕ್ಟರು ಬೈಯುತ್ತಿದ್ದಾರೆ, ಪೊರೆ ಬಲಿಯುತ್ತಿದೆ, ಯೂನಿಫಾರಂ ಕೂಡ ಈಗ ಸೊಟ್ಟ ಹೋಗುತ್ತಿದೆ. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಬಾರದೇ ಅನ್ನುತ್ತೀರಿ. ಹೋಗಬಹುದು. ಆದರೆ ಚನ್ನಿ ನನ್ನ ನಾಲ್ಕು ನೆಪಗಳನ್ನು ನಿಜವೆಂದೇ ನಂಬಿ ಒಮ್ಮೆ ಕಾದಳು, ಮೂರು ಸಲ ಓಡಾಡಿದಳು. ನಾನಿನ್ನೂ ಅವಳ ಎರಡನೆಯದರಲ್ಲಿದ್ದೇನೆ.