ಎಡಕ್ಕೆ ನೋಡುವವರು

ಮದುವೆ ಮನೆಯಲ್ಲಿ ಕ್ಯಾಮೆರಾ ಕಂಡರೆ ತಲೆ ಬಾಚಿಕೊಳ್ಳುವವರನ್ನು ನೋಡಿದ್ದೇನೆ. ಹಲ್ಲು ಕಿರಿಯುವವರನ್ನೂ ನೋಡಿದ್ದೇನೆ. ಆದರೆ ಕ್ಯಾಮೆರಾ ಎದುರು ನಿಂತು, ಇಡೀ ನೌಕರಿಯ ಉದ್ದಕ್ಕೂ ಒಮ್ಮೆಯೂ ಅದನ್ನು ನೋಡದ ಮಹಾನುಭಾವರು ನಮ್ಮ ಕಚೇರಿಯಲ್ಲಿ ಬಿಟ್ಟರೆ ಬೇರೆಲ್ಲಾದರೂ ಉಂಟೇ!

ವಿಜಯನಗರದ ನಮ್ಮ ಸಣ್ಣ ಕಚೇರಿಗೆ ಜನ ಪ್ರಮಾಣಪತ್ರಗಳಿಗಾಗಿ ಬರುತ್ತಾರೆ. ಈ ಮಹಾನುಭಾವರು ಅಲ್ಲಿ ಎರಡನೇ ಕೌಂಟರಿನ ಗುಮಾಸ್ತರು. ಡ್ರಾಯರಿನಲ್ಲಿ ನಾಲ್ಕು ಹಳೆಯ ಕನ್ನಡಕ ಇಟ್ಟುಕೊಂಡಿದ್ದರು. ಒಂದೂ ಅವರದಲ್ಲ! ಅರ್ಜಿ ಓದಲಾಗದೆ ಕಣ್ಣು ಕಿರಿದು ಮಾಡುವ ಮುದುಕರಿಗೆ ಒಂದೊಂದಾಗಿ ಹಾಕಿಸಿ, "ಈಗ ಕಾಣುತ್ತಾ ಅಜ್ಜಾ?" ಎನ್ನುವರು. ನಾವು ಆ ಕೌಂಟರಿಗೆ ಕಣ್ಣಾಸ್ಪತ್ರೆ ಎಂದು ಹೆಸರಿಟ್ಟು ನಗುತ್ತಿದ್ದೆವು.

ಗ್ರೂಪ್ ಫೋಟೋ ಬಂತೆಂದರೆ ನನಗೆ ತಲೆನೋವು. "ಸಾರ್, ಈ ಕಡೆ ನೋಡಿ!" ಎಂದು ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. "ನೀವ್ ತೆಗೀರಮ್ಮ, ನಾನೇನು ಓಡೋಗ್ತೀನಾ?" ಎನ್ನುವರು. ಕ್ಲಿಕ್ ಆಗುವಷ್ಟರಲ್ಲಿ ಕತ್ತು ಮತ್ತೆ ಎಡಕ್ಕೆ.

ಅವರ ನಿವೃತ್ತಿಯ ಬೀಳ್ಕೊಡುಗೆ ಭಾಷಣ ನನ್ನ ಪಾಲಿಗೆ ಬಂತು. ಸಹೋದ್ಯೋಗಿ ಸುಮಾ ಹಳೆಯ ಫೋಟೋಗಳನ್ನು ಸೇರಿಸಿ ಮೂವತ್ತೆರಡು ಸ್ಲೈಡು ಮಾಡಿದ್ದಳು. "ಅಕ್ಕಾ, ಇದನ್ನ ಎಐಗೆ ಅಪ್‌ಲೋಡ್ ಮಾಡಿ, ಭಾಷಣ ಬರ್ಕೊಡುತ್ತೆ" ಎಂದಳು. ಹಾಡು ಸೇರಿಸಿದ್ದರಿಂದ ಫೈಲು ಭಾರವಾಗಿ ಮೊದಲು ಹತ್ತಲೇ ಇಲ್ಲ. ಪಿಡಿಎಫ್ ಮಾಡಿದೆವು. ಹಾಡು ಹೋಯಿತು, ಚಿತ್ರ ಮತ್ತು ಅಡಿಬರಹ ಉಳಿದವು.

ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಇವರ ಕತ್ತಿನ ಮೇಲೆ ನಾಲ್ಕು ಜೋಕು ಸಿಕ್ಕರೆ ಸಭೆಯೆಲ್ಲ ನಗುತ್ತದೆ, ಭಾಷಣ ಗೆದ್ದ ಹಾಗೆ!

ಎಐ ಮೊದಲೇ ಹೇಳಿತು: "ಮುಖ ನೋಡಿ ಇಂಥವರೇ ಎಂದು ನಾನು ಗುರುತಿಸುವುದಿಲ್ಲ. ಅಡಿಬರಹಗಳಲ್ಲಿ ಸಂದರ್ಭವಿದೆ, ಹೆಸರಿಲ್ಲ. ನಿವೃತ್ತರಾಗುವವರು ಎಲ್ಲಿ ನಿಂತಿದ್ದಾರೆ ತಿಳಿಸಿ."

"ಕ್ಯಾಮೆರಾ ನೋಡದೆ ಇರುವವರು" ಎಂದು ಬರೆದೆ.

ಅಷ್ಟೇ ಸಾಕಾಯಿತು. ಸ್ಲೈಡು ನಾಲ್ಕು, ಆಯುಧಪೂಜೆ: ಎಡಕ್ಕೆ. ಒಂಬತ್ತು, ರಾಜ್ಯೋತ್ಸವ: ಎಡಕ್ಕೆ, ಕೈಯಲ್ಲಿ ಮುಚ್ಚಳ ತೆಗೆದ ಪೆನ್ನು. ಇಪ್ಪತ್ತೊಂದು, ಹುಟ್ಟುಹಬ್ಬ: ಎಡಕ್ಕೆ, ಎಲ್ಲರ ಕೈಯಲ್ಲೂ ಕೇಕು, ಇವರ ಕೈಯಲ್ಲಿ ಕನ್ನಡಕ. ಆಮೇಲೆ ಭಾಷಣ ಬರೆಯಿತು: "ದೂರದ ಬೆಳಕನ್ನು ನೋಡುತ್ತಿದ್ದ ಕನಸುಗಾರ..."

ನಗು ತಡೆಯಲಾಗಲಿಲ್ಲ. "ಬೆಳಕು ಯಾವ ಸ್ಲೈಡಿನಲ್ಲಿದೆ?" ಎಂದು ಕೇಳಿದೆ.

"ಯಾವುದರಲ್ಲೂ ಇಲ್ಲ. ಅದು ನನ್ನ ಊಹೆ, ತಪ್ಪಾಯಿತು. ಚೌಕಟ್ಟಿನ ಆಚೆ ಇರುವುದು ನನಗೆ ಕಾಣುವುದಿಲ್ಲ. ಎಡಗಡೆ ಏನಿದೆ ಎಂದು ನಿಮಗೆ ಗೊತ್ತಿರಬಹುದು."

ಗೊತ್ತಿಲ್ಲದೆ ಏನು! ಕಚೇರಿಯ ಬೋರ್ಡು ಕಾಣಲೆಂದು ಯಾವಾಗಲೂ ಅದೇ ಗೋಡೆಗೆ ನಿಲ್ಲುತ್ತೇವೆ. ಎಡಗಡೆ ಇರುವುದು ಎರಡನೇ ಕೌಂಟರು. ನಾವು ಫೋಟೋಗೆ ನಿಂತಾಗಲೆಲ್ಲ ಅಲ್ಲಿ ಯಾರೋ ಕಾಗದ ಹಿಡಿದು ಕಾಯುತ್ತಿದ್ದರು. ಅಷ್ಟು ವರ್ಷ "ಈ ಕಡೆ ನೋಡಿ" ಎಂದು ಕೂಗಿದವಳು ನಾನು. ಒಮ್ಮೆಯೂ ಆ ಕಡೆ ಸರಿಯಾಗಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

ಕೌಂಟರಿನ ವಿಷಯ ಬರೆದೆ. ಎಐ ಮತ್ತೊಂದು ಕೇಳಿತು: "ಇಪ್ಪತ್ತೇಳನೆಯದು ಕೆರೆ ದಂಡೆಯ ಪ್ರವಾಸದ ಫೋಟೋ. ಅಲ್ಲಿ ಕೌಂಟರ್ ಇಲ್ಲ, ಆದರೂ ಎಡಕ್ಕೇ ನೋಡಿದ್ದಾರೆ. ಯಾಕೆ?"

ಅದು ನನಗೂ ತಿಳಿಯದು. ಕೆಂಗೇರಿ ಉಪನಗರದ ಅವರ ಮನೆಗೇ ಫೋನ್ ಮಾಡಿದೆ.

"ಓ, ಅದಾ? ಬಸ್ಸಿನ ಡ್ರೈವರು ಒಬ್ನೇ ನಿಂತಿದ್ದ ಕಣಮ್ಮ. ಊಟ ಆಯ್ತೋ ಇಲ್ವೋ ಅಂತ ನೋಡ್ತಿದ್ದೆ."

"ಆಗಿತ್ತಾ ಸಾರ್?"

"ಎಲ್ಲಿ ಆಗಿತ್ತು! ನಾವ್ಯಾರೂ ಕರ್ದೇ ಇರ್ಲಿಲ್ಲ."

ಜೋಕಿನ ಆಸೆ ಬಿಟ್ಟೆ. ಎಐ ಬರೆದದ್ದರಲ್ಲಿ ಸ್ಲೈಡಿನ ಸಂಖ್ಯೆಗಳನ್ನಷ್ಟೇ ಉಳಿಸಿಕೊಂಡು, ಎಡಗಡೆಯ ಕಥೆಯನ್ನು ನಾನೇ ಬರೆದೆ.

ಬೀಳ್ಕೊಡುಗೆಯ ದಿನ ಪೇಟ ತೊಡಿಸಿ, ಹಾರ ಹಾಕಿ, ಭಾಷಣಕ್ಕೆ ಮೊದಲು ಫೋಟೋ ಎಂದರು. ಅದೇ ಗೋಡೆ, ಅದೇ ಬೋರ್ಡು. ಫೋಟೋ ತೆಗೆಯುತ್ತಿದ್ದ ಸುಮಾ, "ಸಾರ್, ಇವತ್ತಾದ್ರೂ ಈ ಕಡೆ ನೋಡಿ!" ಎಂದಳು. ಅವರೂ ಪಾಪ, ಪ್ರಯತ್ನಪಟ್ಟರು. ಅಷ್ಟರಲ್ಲಿ ಸುಂಕದಕಟ್ಟೆಯಿಂದ ಬಂದ ಒಬ್ಬ ಅಜ್ಜಿ ಕೌಂಟರಿನ ಎದುರು ಅರ್ಜಿ ಹಿಡಿದು ಕಣ್ಣು ಕಿರಿದು ಮಾಡಿದಳು.

"ಒಂದ್ನಿಮಿಷ ಇರ್ರಪ್ಪ" ಎಂದು ಪೇಟ, ಹಾರದ ಸಮೇತ ಅವರು ಹೊರಟೇ ಬಿಟ್ಟರು. ಡ್ರಾಯರು ಎಳೆದ ಸದ್ದು. "ಈಗ ಕಾಣುತ್ತಾ ಅಜ್ಜಿ?"

ಅದೇ ಹೊತ್ತಿಗೆ ಸುಮಾಳ ಬೆರಳು ಒತ್ತಿತ್ತು. ಮೂವತ್ತಮೂರನೆಯ ಆ ಫೋಟೋದಲ್ಲಿ ಅವರಿಲ್ಲ. ಸಾಲಿನ ನಡುವೆ ಅವರ ಜಾಗ ಖಾಲಿಯಿದೆ, ಪಕ್ಕದಲ್ಲಿ ನಾನು ಭಾಷಣದ ಕಾಗದ ಹಿಡಿದು ಅಳುತ್ತಿದ್ದೇನೆ. ಎಲ್ಲರೂ ಎಡಕ್ಕೆ ನೋಡುತ್ತಿದ್ದೇವೆ.